ಸೋತ ಷೇರನ್ನು ಶಾರ್ಟ್ ಮಾಡುವಾಗ: ಬರೀ ಫ್ಯೂಚರ್ಸ್, ಕಾಲ್ ಕಟ್ಟಿದ ಫ್ಯೂಚರ್ಸ್, ಪುಟ್ ಸ್ಪ್ರೆಡ್ – ಯಾವುದು ಯಾವಾಗ?

ಒಂದು ಕಂಪನಿಯ ಫಲಿತಾಂಶ ಕೆಟ್ಟಿದೆ, ಸಾಲ ಬೆಳೆಯುತ್ತಿದೆ, ನಿಫ್ಟಿ ಏರಿದ ದಿನವೂ ಆ ಷೇರು ಇಳಿಯುತ್ತಿದೆ. ಷೇರು ದುರ್ಬಲ ಎಂದು ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಆದರೆ ಅದೇ ದೌರ್ಬಲ್ಯ ಇನ್ನೂ ಎಷ್ಟು ಜನರಿಗೆ ಕಂಡಿದೆ, ಅವರೆಲ್ಲ ಈಗಾಗಲೇ ಎಷ್ಟು ಮಾರಿಟ್ಟಿದ್ದಾರೆ ಎಂಬುದು ಚಾರ್ಟಿನಲ್ಲಿ ಕಾಣುವುದಿಲ್ಲ. ಅದು ಫ್ಯೂಚರ್ಸ್ ಬೆಲೆಯಲ್ಲಿ ಮತ್ತು ಓಪನ್ ಇಂಟರೆಸ್ಟ್‌ನಲ್ಲಿ, ಅಂದರೆ ಇನ್ನೂ ಮುಚ್ಚದೆ ಉಳಿದ ಕಾಂಟ್ರಾಕ್ಟ್‌ಗಳ ಒಟ್ಟು ಪ್ರಮಾಣದಲ್ಲಿ, ಕಾಣುತ್ತದೆ. ಯಾವ ದಾರಿಯಲ್ಲಿ ಶಾರ್ಟ್ ಮಾಡಬೇಕು ಎಂಬುದನ್ನು ಈ ಎರಡು ಅಂಕಿಗಳೇ ನಿರ್ಧರಿಸಬೇಕು.

ಮೊದಲು ನಮ್ಮಲ್ಲಿ ಎಷ್ಟು ದಾರಿಗಳಿವೆ ನೋಡೋಣ. ಕ್ಯಾಶ್ ಮಾರುಕಟ್ಟೆಯಲ್ಲಿ ಕೈಯಲ್ಲಿಲ್ಲದ ಷೇರನ್ನು ಮಾರಿದರೆ ಸಾಮಾನ್ಯ ಹೂಡಿಕೆದಾರ ಅದೇ ದಿನ ವಾಪಸ್ ಕೊಳ್ಳಲೇಬೇಕು. ಕೊಳ್ಳದಿದ್ದರೆ ವ್ಯವಹಾರ ಹರಾಜಿಗೆ ಹೋಗುತ್ತದೆ, ಅಲ್ಲಿ ಬರುವ ಬೆಲೆ ನಮ್ಮ ಕೈಯಲ್ಲಿರುವುದಿಲ್ಲ. ಷೇರನ್ನು ಎರವಲು ಪಡೆದು ಮಾರುವ ಎಸ್‌ಎಲ್‌ಬಿ ವ್ಯವಸ್ಥೆ 2008ರಿಂದ ಇದೆ. ಆದರೆ ಅಲ್ಲಿ ವಹಿವಾಟು ತೀರಾ ತೆಳು, ನಮಗೆ ಬೇಕಾದ ಷೇರು ಬೇಕಾದ ದಿನ ಸಿಗುವ ಭರವಸೆಯಿಲ್ಲ. ಕೆಲವು ದಿನದಿಂದ ಕೆಲವು ವಾರದವರೆಗೆ ಶಾರ್ಟ್ ಹಿಡಿಯಬೇಕೆಂದರೆ ಉಳಿಯುವುದು ಮೂರು: ಬರೀ ಫ್ಯೂಚರ್ಸ್ ಮಾರುವುದು, ಫ್ಯೂಚರ್ಸ್ ಮಾರಿ ಮೇಲಿನ ಸ್ಟ್ರೈಕಿನ ಕಾಲ್ ಕೊಂಡು ಕಟ್ಟಿಕೊಳ್ಳುವುದು, ಇಲ್ಲವೇ ಪುಟ್ ಸ್ಪ್ರೆಡ್.

ಮೂರನ್ನೂ ಒಂದೇ ಉದಾಹರಣೆಯ ಮೇಲೆ ಇಟ್ಟು ತೂಗೋಣ. ಊಹೆಯ ಷೇರು, ಬೆಲೆ ₹500. ಲಾಟ್ 1,200 ಷೇರು, ಅಂದರೆ ಒಂದು ಲಾಟಿನ ಮೌಲ್ಯ ₹6 ಲಕ್ಷ. ಎಕ್ಸ್‌ಪೈರಿಗೆ 30 ದಿನ ಇದೆ. ಈ ತಿಂಗಳ ಫ್ಯೂಚರ್ಸ್ ₹497ಕ್ಕೆ ನಡೆಯುತ್ತಿದೆ. 530ರ ಕಾಲ್ ₹9, 500ರ ಪುಟ್ ₹23, 460ರ ಪುಟ್ ₹8.

ಮೊದಲು ಡಿಸ್ಕೌಂಟ್ ಓದಬೇಕು

ಫ್ಯೂಚರ್ಸ್ ಬೆಲೆ ಸಾಮಾನ್ಯವಾಗಿ ಷೇರಿನ ಬೆಲೆಗಿಂತ ಸ್ವಲ್ಪ ಮೇಲಿರುತ್ತದೆ. ಷೇರನ್ನು ಈಗಲೇ ಕೊಳ್ಳದೆ ತಿಂಗಳ ನಂತರ ಕೊಳ್ಳುವವನಿಗೆ ಆ ಹಣದ ಬಡ್ಡಿ ಉಳಿಯುತ್ತದೆ, ಆ ಬಡ್ಡಿ ಬೆಲೆಯಲ್ಲಿ ಸೇರಿಕೊಳ್ಳುತ್ತದೆ. ಬಡ್ಡಿ ಶೇ. 7 ಎಂದಿಟ್ಟುಕೊಂಡರೆ ಲೆಕ್ಕ ಹೀಗೆ:

```
500 × 0.07 × 30 / 365 = 2.88
```

ಅಂದರೆ ನ್ಯಾಯವಾದ ಬೆಲೆ ಸುಮಾರು ₹502.90. ಆ ಬೆಲೆಗೆ ಮಾರಿದವನಿಗೆ ಷೇರು ಅಲುಗಾಡದಿದ್ದರೂ ತಿಂಗಳಿಗೆ ₹2.90 ಲಾಭ. ಶಾರ್ಟ್ ಹಿಡಿದವನಿಗೆ ಕಾಯುವ ಕೂಲಿ ಸಿಕ್ಕಂತೆ.

ನಮ್ಮ ಉದಾಹರಣೆಯಲ್ಲಿ ಫ್ಯೂಚರ್ಸ್ ಇರುವುದು ₹497ಕ್ಕೆ, ಷೇರಿನ ಬೆಲೆಗಿಂತ ₹3 ಕೆಳಗೆ. ಇದೇ ಡಿಸ್ಕೌಂಟ್. ಇಲ್ಲಿ ಕೂಲಿ ಸಿಗುವುದಿಲ್ಲ, ನಾವೇ ಬಾಡಿಗೆ ಕೊಡಬೇಕು. ಷೇರು ₹500ರಲ್ಲೇ ನಿಂತರೆ ಎಕ್ಸ್‌ಪೈರಿಯ ದಿನ ಫ್ಯೂಚರ್ಸ್ ಏರಿ ₹500 ಮುಟ್ಟುತ್ತದೆ. ಷೇರಿಗೆ ₹3ರಂತೆ ಲಾಟಿಗೆ ₹3,600 ನಷ್ಟ. ವರ್ಷದ ಲೆಕ್ಕಕ್ಕೆ ತಂದರೆ ಇದು ಶೇ. 7.3. ಸಿಗಬೇಕಿದ್ದ ಬಡ್ಡಿ ತಪ್ಪಿದ್ದನ್ನೂ ಸೇರಿಸಿದರೆ ಶೇ. 14 ದಾಟುತ್ತದೆ. ಮುಂದಿನ ತಿಂಗಳಿಗೆ ರೋಲ್‌ಓವರ್ ಮಾಡಿದರೆ, ಅಲ್ಲಿಯೂ ಡಿಸ್ಕೌಂಟ್ ಇದ್ದರೆ, ಅದೇ ಬಾಡಿಗೆ ಮತ್ತೆ. ಮೂರು ತಿಂಗಳು ಷೇರು ಅಲ್ಲಲ್ಲೇ ಸುತ್ತಿದರೆ ಲಾಟಿಗೆ ಹತ್ತು ಸಾವಿರಕ್ಕೂ ಹೆಚ್ಚು ಹೀಗೇ ಸೋರಿಹೋಗುತ್ತದೆ.

ಇಂಥ ಡಿಸ್ಕೌಂಟ್ ಯಾಕೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ? ಫ್ಯೂಚರ್ಸ್ ಅಗ್ಗವಾದಾಗ ಯಾರಾದರೂ ಷೇರನ್ನು ಎರವಲು ಪಡೆದು ಮಾರಿ ಫ್ಯೂಚರ್ಸ್ ಕೊಂಡರೆ ಅಪಾಯವಿಲ್ಲದ ಲಾಭ ಸಿಗಬೇಕು. ಆದರೆ ಎರವಲು ಮಾರುಕಟ್ಟೆಯೇ ತೆಳು. ಷೇರನ್ನು ಮೊದಲೇ ಹಿಡಿದಿರುವ ದೊಡ್ಡ ಸಂಸ್ಥೆಗಳು ಮಾತ್ರ ಈ ಕೆಲಸ ಮಾಡಬಲ್ಲವು. ಹಾಗಾಗಿ ಎಲ್ಲರೂ ಒಂದೇ ಕಡೆ ಮಾರಿದ ಷೇರಿನಲ್ಲಿ ಡಿಸ್ಕೌಂಟ್ ವಾರಗಟ್ಟಲೆ ಉಳಿಯುತ್ತದೆ. ಅದು ಎಷ್ಟು ದೊಡ್ಡದೋ ಶಾರ್ಟ್‌ಗಳ ನೂಕುನುಗ್ಗಲೂ ಅಷ್ಟೇ ದೊಡ್ಡದು ಎಂದು ಓದಿಕೊಳ್ಳಬಹುದು.

ಇಲ್ಲೊಂದು ಎಚ್ಚರ. ಎಕ್ಸ್‌ಪೈರಿಗೆ ಮೊದಲು ಡಿವಿಡೆಂಡ್‌ನ ಎಕ್ಸ್-ಡೇಟ್ ಬಿದ್ದರೆ ಆ ಮೊತ್ತವೂ ಫ್ಯೂಚರ್ಸ್ ಬೆಲೆಯಿಂದ ಕಳೆದಿರುತ್ತದೆ. ₹5 ಡಿವಿಡೆಂಡ್ ಇದ್ದು ಫ್ಯೂಚರ್ಸ್ ₹497ರಲ್ಲಿದ್ದರೆ ಅದು ನೂಕುನುಗ್ಗಲಲ್ಲ. ಎಕ್ಸ್-ಡೇಟಿನ ಬೆಳಿಗ್ಗೆ ಷೇರೇ ಅಷ್ಟು ಕೆಳಗೆ ತೆರೆಯುವುದರಿಂದ ಅದು ನಿಮ್ಮ ಖರ್ಚೂ ಅಲ್ಲ. ಡಿಸ್ಕೌಂಟ್ ಕಂಡ ಕೂಡಲೇ ಕಂಪನಿಯ ಡಿವಿಡೆಂಡ್ ದಿನಾಂಕ ನೋಡಿ, ಆಮೇಲೆ ತೀರ್ಮಾನಿಸಿ.

ನಮ್ಮ ಅಳತೆ ಇಷ್ಟು. ಡಿವಿಡೆಂಡ್ ಕಳೆದ ಮೇಲೆ ತಿಂಗಳ ಡಿಸ್ಕೌಂಟ್ ಅರ್ಧ ಪರ್ಸೆಂಟಿನ ಒಳಗಿದ್ದರೆ ಬರೀ ಫ್ಯೂಚರ್ಸ್ ಯೋಚಿಸಬಹುದು. ಒಂದು ಪರ್ಸೆಂಟ್ ದಾಟಿದರೆ ವಾರಗಟ್ಟಲೆ ಹಿಡಿಯುವ ಶಾರ್ಟ್‌ಗೆ ಅದು ತಕ್ಕುದಲ್ಲ. ನಡುವಿನದು ಕಾಲ್ ಕಟ್ಟಿಕೊಳ್ಳಬೇಕಾದ ಜಾಗ. ನಮ್ಮ ಉದಾಹರಣೆಯ ಶೇ. 0.6 ಅಲ್ಲಿಯೇ ಬೀಳುತ್ತದೆ.

ಸ್ಕ್ವೀಝ್ ಹೇಗೆ ಹುಟ್ಟುತ್ತದೆ

ಮಾರಿಟ್ಟವರೆಲ್ಲ ಒಟ್ಟಿಗೆ ವಾಪಸ್ ಕೊಳ್ಳಲು ಓಡಿ ಬೆಲೆ ಜಿಗಿಯುವುದೇ ಸ್ಕ್ವೀಝ್. ಯೆಸ್ ಬ್ಯಾಂಕಿನ 2020ರ ಮಾರ್ಚ್ ತಿಂಗಳನ್ನು ದಿನ ದಿನವಾಗಿ ನೋಡಿದರೆ ಇದು ಅರ್ಥವಾಗುತ್ತದೆ. ಮಾರ್ಚ್ 5ರಂದು ರಿಸರ್ವ್ ಬ್ಯಾಂಕಿನ ಕೋರಿಕೆಯಂತೆ ಕೇಂದ್ರ ಸರ್ಕಾರ ಆ ಬ್ಯಾಂಕಿನ ಮೇಲೆ ಮೊರಟೋರಿಯಂ ಹೇರಿತು, ಠೇವಣಿದಾರರು ₹50,000ಕ್ಕಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಮರುದಿನ ಷೇರು ವಹಿವಾಟಿನ ನಡುವೆ ₹6ರ ಕೆಳಗೂ ಹೋಗಿ ₹16ರ ಆಸುಪಾಸಿನಲ್ಲಿ ನಿಂತಿತು. ಇದಕ್ಕಿಂತ ದುರ್ಬಲ ಷೇರು ಇನ್ನೊಂದಿಲ್ಲ ಎಂದು ಅವತ್ತು ಯಾರಿಗೆ ಬೇಕಾದರೂ ಅನ್ನಿಸಬಹುದಿತ್ತು. ಸ್ಟೇಟ್ ಬ್ಯಾಂಕ್ ಮುಂದಾಳತ್ವದಲ್ಲಿ ಬೇರೆ ಬ್ಯಾಂಕುಗಳು ₹10ರಂತೆ ಹೊಸ ಷೇರು ಕೊಳ್ಳುವ ಯೋಜನೆ ಬಂತು. ಆ ಯೋಜನೆಯಲ್ಲಿ ಇನ್ನೊಂದು ಷರತ್ತಿತ್ತು: ನೂರು ಅಥವಾ ಅದಕ್ಕಿಂತ ಹೆಚ್ಚು ಷೇರು ಇರುವ ಹಳೆಯ ಷೇರುದಾರರ ಶೇ. 75 ಷೇರುಗಳು ಮೂರು ವರ್ಷ ಲಾಕ್.

ಮಾರಲು ಸಿಗುವ ಷೇರುಗಳೇ ರಾತ್ರೋರಾತ್ರಿ ಕರಗಿಹೋದವು. ಮಾರಿಟ್ಟವರು ಮಾತ್ರ ಕೊಳ್ಳಲೇಬೇಕಿತ್ತು. ಮಾರ್ಚ್ 18ರ ವಹಿವಾಟಿನಲ್ಲಿ ಷೇರು ₹80 ದಾಟಿತು. ಕೋವಿಡ್ ಭಯದಲ್ಲಿ ಇಡೀ ಮಾರುಕಟ್ಟೆ ಕುಸಿಯುತ್ತಿದ್ದ ವಾರವದು. ಅದೇ ಬ್ಯಾಂಕ್ ಜುಲೈನಲ್ಲಿ ಹೊಸ ಷೇರು ಮಾರಿದ್ದು ₹12ರ ನೆಲೆ ಬೆಲೆಗೆ. ₹16ರಲ್ಲಿ ಶಾರ್ಟ್ ಮಾಡಿದವರ ಅಂದಾಜು ನಾಲ್ಕು ತಿಂಗಳಲ್ಲಿ ನಿಜವಾಯಿತು. ಆದರೆ ನಡುವೆ ಬೆಲೆ ಐದು ಪಟ್ಟಾದ ಆ ದಿನಗಳನ್ನು ದಾಟಲು ಬರೀ ಶಾರ್ಟ್ ಹಿಡಿದ ಹೆಚ್ಚಿನವರಿಗೆ ಮಾರ್ಜಿನ್ ಉಳಿದಿರುವುದು ಕಷ್ಟವಿತ್ತು.

ಆದ್ದರಿಂದ ಸ್ಕ್ವೀಝ್ ಬರಲು ಕಂಪನಿ ಸುಧಾರಿಸಬೇಕಾಗಿಲ್ಲ. ಮಾರಿಟ್ಟ ಪ್ರಮಾಣ ದೊಡ್ಡದಿದ್ದು, ಸಿಗುವ ಷೇರು ಕಡಿಮೆಯಾಗಿ, ಏನೋ ಒಂದು ಸುದ್ದಿ ಕಿಡಿ ಹಚ್ಚಿದರೆ ಸಾಕು. ಕಿಡಿಯನ್ನು ಮೊದಲೇ ಊಹಿಸಲಾಗದು, ಆದರೆ ಒಣಹುಲ್ಲು ಎಷ್ಟಿದೆ ಎಂದು ಅಳೆಯಬಹುದು. ಎನ್‌ಎಸ್‌ಇ ದಿನವೂ ಪ್ರತಿ ಷೇರಿನ ಓಪನ್ ಇಂಟರೆಸ್ಟ್ ಮತ್ತು ಅದು ಎಷ್ಟರವರೆಗೆ ಬೆಳೆಯಬಹುದು ಎಂಬ ಮಾರುಕಟ್ಟೆ ಮಿತಿಯನ್ನು ಪ್ರಕಟಿಸುತ್ತದೆ. ಮಿತಿಯ ಶೇ. 95 ದಾಟಿದ ಷೇರು ಬ್ಯಾನ್‌ಗೆ ಹೋಗುತ್ತದೆ, ಶೇ. 80ರ ಕೆಳಗೆ ಇಳಿದ ಮೇಲೆಯೇ ಹೊರಬರುತ್ತದೆ. ಬ್ಯಾನ್ ಇರುವಾಗ ಇರುವ ಪೊಸಿಷನ್ ಇಳಿಸಬಹುದೇ ಹೊರತು ಹೆಚ್ಚಿಸುವಂತಿಲ್ಲ. ಹೊಸಬರು ಬಾರದೆ ಖರೀದಿ-ಮಾರಾಟದ ಬೆಲೆಗಳ ಅಂತರ ಅಗಲವಾಗುತ್ತದೆ, ಹೊರಬರುವವನು ಆ ಅಂತರವನ್ನೂ ತೆರಬೇಕು. ರಕ್ಷಣೆಗೆಂದು ಕಾಲ್ ಕೊಳ್ಳಹೊರಟರೆ ಬ್ರೋಕರಿನ ವ್ಯವಸ್ಥೆ ಅದನ್ನೂ ಹೊಸ ಕಾಂಟ್ರಾಕ್ಟ್ ಎಂದು ತಡೆಯಬಹುದು. ಅದಕ್ಕೇ ಕಾಲ್ ಕೊಳ್ಳುವುದಾದರೆ ಮೊದಲ ದಿನವೇ ಕೊಳ್ಳಿ. ಮಿತಿಯ ಶೇ. 70-75 ದಾಟಿದ ಷೇರಿನಲ್ಲಿ ಹೊಸದಾಗಿ ಬರೀ ಶಾರ್ಟ್‌ಗೆ ಇಳಿಯದಿರುವುದು ನಮ್ಮ ಸಲಹೆ.

ಒಣಹುಲ್ಲಿಗೆ ಕಿಡಿ ತಗುಲಿದ್ದು ತೋರುವುದು ಹೀಗೆ: ಷೇರು ಏರುತ್ತಿದೆ, ಓಪನ್ ಇಂಟರೆಸ್ಟ್ ಇಳಿಯುತ್ತಿದೆ, ಡಿಸ್ಕೌಂಟ್ ಕಿರಿದಾಗುತ್ತಾ ಪ್ರೀಮಿಯಂ ಆಗುತ್ತಿದೆ. ಮೂರೂ ಒಟ್ಟಿಗೆ ಆದರೆ ಮಾರಿಟ್ಟವರು ಓಡುತ್ತಿದ್ದಾರೆ ಎಂದರ್ಥ. ಏರಿಕೆಯ ಜೊತೆ ಓಪನ್ ಇಂಟರೆಸ್ಟ್ ಕೂಡ ಏರಿದರೆ ಕಥೆ ಬೇರೆ, ಅಲ್ಲಿ ಹೊಸದಾಗಿ ಕೊಳ್ಳುವವರು ಬಂದಿದ್ದಾರೆ. ಇನ್ನೂ ಮುಂಚಿನ ಸೂಚನೆಯೊಂದಿದೆ: ಕೆಟ್ಟ ಸುದ್ದಿ ಬಂದರೂ ಷೇರು ಇಳಿಯದೆ ನಿಲ್ಲುವುದು. ಮಾರಬೇಕಾದವರೆಲ್ಲ ಮಾರಿ ಮುಗಿಸಿದ್ದಾರೆ ಎಂಬ ಗುರುತು ಅದು.

ಮೂರು ದಾರಿಗಳ ತೂಕ

ಎಕ್ಸ್‌ಪೈರಿಯ ದಿನ ಷೇರು ಎಲ್ಲಿ ನಿಂತರೆ ಒಂದು ಲಾಟಿಗೆ ಏನಾಗುತ್ತದೆ ಎಂಬ ಲೆಕ್ಕ ಕೆಳಗಿದೆ. ಬ್ರೋಕರೇಜ್ ಮತ್ತು ತೆರಿಗೆ ಸೇರಿಸಿಲ್ಲ.

| ಷೇರಿನ ಬೆಲೆ | ಬರೀ ಫ್ಯೂಚರ್ಸ್ (₹497) | ಫ್ಯೂಚರ್ಸ್ + 530 ಕಾಲ್ | 500/460 ಪುಟ್ ಸ್ಪ್ರೆಡ್ |
|---|---|---|---|
| ₹450 | +56,400 | +45,600 | +30,000 |
| ₹500 | −3,600 | −14,400 | −18,000 |
| ₹560 | −75,600 | −50,400 | −18,000 |

ಬರೀ ಫ್ಯೂಚರ್ಸ್‌ನಲ್ಲಿ ಲಾಭ ದೊಡ್ಡದು, ಮೇಲ್ಮುಖದ ನಷ್ಟಕ್ಕೆ ತಡೆಯಿಲ್ಲ. ಸ್ಟಾಪ್‌ಲಾಸ್ ಇದೆಯಲ್ಲ ಎನ್ನಬಹುದು. ಸ್ಟಾಪ್‌ಲಾಸ್ ಕೆಲಸ ಮಾಡುವುದು ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರಿದಾಗ. ಫ್ಯೂಚರ್ಸ್ ಇರುವ ಷೇರುಗಳಿಗೆ ಸ್ಥಿರವಾದ ಅಪ್ಪರ್ ಸರ್ಕ್ಯೂಟ್ ಇಲ್ಲ. ಶೇ. 10ರ ಬ್ಯಾಂಡ್‌ನಿಂದ ಶುರುವಾಗಿ, ಬೆಲೆ ಅದಕ್ಕೆ ತಾಗಿದಂತೆ ಬ್ಯಾಂಡ್ ಮೇಲಕ್ಕೆ ಸರಿಯುತ್ತದೆ. ರಾತ್ರಿ ಬಂದ ಸುದ್ದಿಗೆ ಷೇರು ಬೆಳಿಗ್ಗೆ ₹550ಕ್ಕೆ ತೆರೆದರೆ ₹526ರ ಸ್ಟಾಪ್ ನಿಮ್ಮನ್ನು ₹526ಕ್ಕೆ ಹೊರತರುವುದಿಲ್ಲ. ಟ್ರಿಗರ್ ₹526, ಲಿಮಿಟ್ ₹530 ಎಂದು ಹಾಕಿದ್ದರಂತೂ ಆರ್ಡರ್ ಕಾರ್ಯಗತವಾಗದೆ ಹಾಗೇ ನೇತಾಡುತ್ತದೆ. ಇಂಥ ಆರ್ಡರ್ ಆ ದಿನಕ್ಕೆ ಮಾತ್ರ ಜೀವಂತ, ದಿನವೂ ಬೆಳಿಗ್ಗೆ ಮತ್ತೆ ಹಾಕಬೇಕು ಎಂಬುದನ್ನು ಮರೆತು ಕೆಟ್ಟವರೂ ಇದ್ದಾರೆ.

ಹಾಗಾಗಿ ಬರೀ ಫ್ಯೂಚರ್ಸ್‌ಗೆ ಎಷ್ಟು ಬಂಡವಾಳ ಬೇಕು ಎಂಬುದನ್ನು ಮಾರ್ಜಿನ್ ನೋಡಿ ಹೇಳಬಾರದು, ಗ್ಯಾಪ್ ನೋಡಿ ಹೇಳಬೇಕು. ₹550ಕ್ಕೆ ತೆರೆದರೆ ಷೇರಿಗೆ ₹53, ಲಾಟಿಗೆ ₹63,600 ನಷ್ಟ. ಒಂದು ಗ್ಯಾಪ್‌ಗೆ ಖಾತೆಯ ಶೇ. 3ಕ್ಕಿಂತ ಹೆಚ್ಚು ಹೋಗಬಾರದು ಎಂದರೆ:

```
63,600 / 0.03 = 21,20,000
```

₹21 ಲಕ್ಷದ ಖಾತೆಗೆ ಒಂದು ಲಾಟ್. ಬ್ರೋಕರ್ ಇದೇ ಲಾಟನ್ನು ಒಂದೂವರೆ ಲಕ್ಷ ಮಾರ್ಜಿನ್‌ಗೆ ಕೊಡಬಹುದು, ಹಾಗೆಂದು ₹5 ಲಕ್ಷದ ಖಾತೆಯಲ್ಲಿ ಮೂರು ಲಾಟ್ ಹಾಕಿದವರು ಒಂದೇ ಬೆಳಿಗ್ಗೆ ₹1.9 ಲಕ್ಷ ಕಳೆದುಕೊಳ್ಳಬಲ್ಲರು. ಇನ್ನೊಂದು ಸಂಗತಿ: ಎಂಟಿಎಂ ನಷ್ಟವನ್ನು, ಅಂದರೆ ಆ ದಿನದ ಮುಕ್ತಾಯದ ಬೆಲೆಗೆ ಲೆಕ್ಕ ಹಾಕಿದ ನಷ್ಟವನ್ನು, ದಿನವೂ ನಗದಾಗಿಯೇ ಕಟ್ಟಬೇಕು. ಫ್ಯೂಚರ್ಸ್ ₹505ಕ್ಕೆ ಮುಗಿದರೆ ಅಂದೇ ₹9,600 ಖಾತೆಯಿಂದ ಕಳೆಯುತ್ತದೆ. ಬೇರೆ ಷೇರುಗಳನ್ನು ಒತ್ತೆಯಿಟ್ಟು ಪಡೆದ ಮಾರ್ಜಿನ್ ಇದಕ್ಕೆ ಆಗದು. ಏರಿಳಿತ ಹೆಚ್ಚಿದಾಗ ಎಕ್ಸ್‌ಚೇಂಜ್ ಮಾರ್ಜಿನ್ನೂ ಏರಿಸುತ್ತದೆ. ಅಂದರೆ ನಷ್ಟ ಮತ್ತು ಹೆಚ್ಚಿನ ಮಾರ್ಜಿನ್ ಎರಡೂ ಒಂದೇ ದಿನ ಬಾಗಿಲು ತಟ್ಟುತ್ತವೆ. ಗ್ಯಾಪ್‌ನಷ್ಟು ನಗದು, ಇಲ್ಲಿ ₹63,600, ಮಾರ್ಜಿನ್ ಬಿಟ್ಟು ಪಕ್ಕದಲ್ಲಿರಬೇಕು.

ಕಾಲ್ ಕಟ್ಟಿದ ಫ್ಯೂಚರ್ಸ್‌ನಲ್ಲಿ ₹10,800 ಕೊಟ್ಟು ಮೇಲ್ಛಾವಣಿ ಕಟ್ಟುತ್ತೇವೆ. ₹497ರಿಂದ ₹530ರವರೆಗಿನ 33 ರೂಪಾಯಿ, ಜೊತೆಗೆ ಕಾಲ್‌ನ 9, ಒಟ್ಟು ₹42. ಷೇರು ₹560 ಆಗಲಿ ₹800 ಆಗಲಿ ಲಾಟಿಗೆ ₹50,400ಕ್ಕಿಂತ ಹೆಚ್ಚು ಹೋಗದು. ಮಾರ್ಜಿನ್ನೂ ಇಳಿಯುತ್ತದೆ. ಬೆಲೆಯಾಗಿ ಕೊಡುವುದು ಇಳಿಕೆಯ ಮೊದಲ 9 ರೂಪಾಯಿ: ಎಕ್ಸ್‌ಪೈರಿಯಲ್ಲಿ ಲಾಭ ಶುರುವಾಗುವುದು ₹488ರ ಕೆಳಗೆ. ಈ ದಾರಿಯ ದೊಡ್ಡ ಅನುಕೂಲವೆಂದರೆ ಸ್ಟಾಪ್ ಅನ್ನು ತೀರಾ ಹತ್ತಿರ ಇಡಬೇಕಾಗಿಲ್ಲ. ದುರ್ಬಲ ಷೇರುಗಳು ಇಳಿಯುವ ಮುನ್ನ ನಾಲ್ಕೈದು ಪರ್ಸೆಂಟ್ ಜಿಗಿದು ಶಾರ್ಟ್‌ಗಳನ್ನು ಉದುರಿಸುವುದು ತೀರಾ ಸಾಮಾನ್ಯ, ಛಾವಣಿ ಇದ್ದವರು ಆ ಜಿಗಿತವನ್ನು ತಾಳಬಲ್ಲರು. ಹೊರಬರುವಾಗ ಮೊದಲು ಫ್ಯೂಚರ್ಸ್ ಕೊಳ್ಳಿ, ಆಮೇಲೆ ಕಾಲ್ ಮಾರಿ. ತಿರುಗಿಸಿ ಮಾಡಿದರೆ ನಡುವಿನ ಕ್ಷಣಗಳಲ್ಲಿ ರಕ್ಷಣೆಯೂ ಇಲ್ಲ, ಕಡಿಮೆ ಮಾರ್ಜಿನ್ನೂ ಇಲ್ಲ.

ಪುಟ್ ಸ್ಪ್ರೆಡ್ ಎಂದರೆ 500ರ ಪುಟ್ ಕೊಂಡು 460ರ ಪುಟ್ ಮಾರುವುದು. ನಿವ್ವಳ ಖರ್ಚು ₹15, ಲಾಟಿಗೆ ₹18,000, ಅದೇ ಗರಿಷ್ಠ ನಷ್ಟ. ಗರಿಷ್ಠ ಲಾಭ ₹30,000, ಲಾಭ-ನಷ್ಟದ ಗಡಿ ₹485. ₹6 ಲಕ್ಷದ ಖಾತೆಯಲ್ಲಿ ಶೇ. 3ರ ಮಿತಿಯೊಳಗೆ ಬರುವುದು ಇದೊಂದೇ. ಆಪ್ಷನ್ ಕೊಂಡರೆ ಡಿಸ್ಕೌಂಟ್‌ನ ಬಾಡಿಗೆ ತಪ್ಪುತ್ತದೆ ಎಂದು ಹಲವರು ನಂಬಿದ್ದಾರೆ, ಅದು ತಪ್ಪು. ಪುಟ್‌ನ ಬೆಲೆ ಫ್ಯೂಚರ್ಸ್ ಬೆಲೆಯನ್ನೇ ನೋಡಿ ನಿಲ್ಲುವುದರಿಂದ ಬಾಡಿಗೆ ಅದರೊಳಗೇ ಅಡಗಿರುತ್ತದೆ. ಆದರೆ ಸ್ಪ್ರೆಡ್‌ನಲ್ಲಿ ಒಂದು ಪುಟ್ ಕೊಂಡು ಇನ್ನೊಂದು ಮಾರಿರುವುದರಿಂದ ಬಾಡಿಗೆಯ ಒಂದು ಭಾಗ ವಾಪಸ್ ಸಿಗುತ್ತದೆ. ಡಿಸ್ಕೌಂಟ್ ದೊಡ್ಡದಿರುವ ಷೇರಿಗೆ ಸ್ಪ್ರೆಡ್ ಒಗ್ಗುವುದು ಇದಕ್ಕೇ. ತೊಡಕು ಬೇರೆ ಕಡೆ ಇದೆ: ನಿಧಾನವಾಗಿ ಜಾರುವ ಷೇರಿನಲ್ಲಿ ಸಮಯವೇ ಪ್ರೀಮಿಯಂ ತಿಂದುಹಾಕುತ್ತದೆ, ಮತ್ತು ಬಹಳಷ್ಟು ಷೇರುಗಳಲ್ಲಿ ದೂರದ ಸ್ಟ್ರೈಕಿನ ಆಪ್ಷನ್‌ಗೆ ಕೊಳ್ಳುವವರೇ ಇರುವುದಿಲ್ಲ. ಬಿಡ್ ಮತ್ತು ಆಸ್ಕ್ ನಡುವೆ ಒಂದೂವರೆ ರೂಪಾಯಿ ಅಂತರವಿದ್ದರೆ ಎರಡು ಕಾಲುಗಳಲ್ಲಿ ಹೋಗಿ ಬರುವಷ್ಟರಲ್ಲಿ ₹15ರ ಸ್ಪ್ರೆಡ್‌ನಿಂದ ಸುಮಾರು ₹3 ಕಳೆದಿರುತ್ತದೆ. ಅಂಥಲ್ಲಿ ಸ್ಪ್ರೆಡ್ ಬಿಟ್ಟುಬಿಡುವುದೇ ಲೇಸು.

ಫ್ಯೂಚರ್ಸ್ ಮಾರುವಾಗ ಎಸ್‌ಟಿಟಿ ಎಂಬ ವಹಿವಾಟು ತೆರಿಗೆ ಬೀಳುತ್ತದೆ, ಪ್ರತಿ ರೋಲ್‌ಓವರ್‌ಗೂ ಮತ್ತೆ ಬೀಳುತ್ತದೆ. 2024ರ ಅಕ್ಟೋಬರ್ 1ರಂದು ಇದು ಶೇ. 0.0125ರಿಂದ ಶೇ. 0.02ಕ್ಕೆ ಏರಿತು. ದರ ಬಜೆಟ್‌ಗಳಲ್ಲಿ ಬದಲಾಗುವುದರಿಂದ ಇತ್ತೀಚಿನ ಕಾಂಟ್ರಾಕ್ಟ್ ನೋಟ್ ನೋಡಿಯೇ ಲೆಕ್ಕ ಹಾಕಿ.

ಹೊರಬರುವ ನಿಯಮಗಳು

ಇವನ್ನು ಪೊಸಿಷನ್ ತೆಗೆದುಕೊಳ್ಳುವ ಮುನ್ನವೇ ಬರೆದಿಡಬೇಕು, ಶಾರ್ಟ್ ನಷ್ಟದಲ್ಲಿದ್ದಾಗ ಬರೆಯುವ ನಿಯಮಕ್ಕೆ ಬೆಲೆಯಿಲ್ಲ. ಬೆಲೆಯ ನಿಯಮವನ್ನು ಷೇರಿನ ಬೆಲೆಗೆ ಕಟ್ಟಿ, ಫ್ಯೂಚರ್ಸ್ ಬೆಲೆಗಲ್ಲ. ಹಿಂದಿನ ಏರಿಕೆಯ ತುದಿ ₹522 ಆಗಿದ್ದರೆ ಷೇರು ₹526 ಮುಟ್ಟಿದಾಗ ಹೊರಗೆ. ನಷ್ಟದ ಲೆಕ್ಕ ಹಾಕುವಾಗ ಮಾತ್ರ ಆ ಹೊತ್ತಿಗೆ ಡಿಸ್ಕೌಂಟ್ ಮಾಯವಾಗಿರುತ್ತದೆ ಎಂದೇ ಭಾವಿಸಿ. ₹497ಕ್ಕೆ ಮಾರಿದ್ದು ₹526ಕ್ಕೆ ಕೊಳ್ಳಬೇಕು, ಷೇರಿಗೆ ₹29, ಲಾಟಿಗೆ ₹34,800. ಷೇರು 26 ಏರಿದೆ, ನಷ್ಟ 29 ಆಗಿದೆ. ಆ ಮೂರು ರೂಪಾಯಿ ಬೇಗ ಮುಚ್ಚಿಕೊಂಡ ಡಿಸ್ಕೌಂಟ್.

ಬೆಲೆಗಿಂತ ಹೆಚ್ಚು ಜನ ಕಡೆಗಣಿಸುವುದು ಸಮಯದ ನಿಯಮವನ್ನು. ಎಂಟು-ಹತ್ತು ವಹಿವಾಟು ದಿನಗಳಲ್ಲಿ ಹೊಸ ಕೆಳಬೆಲೆ ಬಾರದಿದ್ದರೆ, ಸ್ಟಾಪ್ ಮುಟ್ಟದಿದ್ದರೂ ಶಾರ್ಟ್ ಮುಚ್ಚಿ. ಇಳಿಯಬೇಕಾದ ಷೇರು ಇಳಿಯುತ್ತಿಲ್ಲ, ಬಾಡಿಗೆ ಮಾತ್ರ ಓಡುತ್ತಿದೆ, ಹುಲ್ಲು ಒಣಗುತ್ತಿದೆ. ಏರಿಕೆ, ಕುಸಿಯುವ ಓಪನ್ ಇಂಟರೆಸ್ಟ್, ಮುಚ್ಚಿಕೊಳ್ಳುವ ಡಿಸ್ಕೌಂಟ್ ಮೂರೂ ಒಂದೇ ದಿನ ಕಂಡರೆ ಅಂದೇ ಸಂಜೆಯೊಳಗೆ ಕನಿಷ್ಠ ಅರ್ಧ ಇಳಿಸಿ. ಸರ್ಕಾರ, ನಿಯಂತ್ರಕರು, ಹೊಸ ದೊಡ್ಡ ಹೂಡಿಕೆದಾರ, ಸಾಲದ ಮರುಹೊಂದಾಣಿಕೆ, ಷೇರು ಲಾಕ್ ಆಗುವ ಸುದ್ದಿ – ಇವುಗಳಲ್ಲಿ ಯಾವುದು ಬಂದರೂ ಅದು ಒಳ್ಳೆಯದೋ ಕೆಟ್ಟದೋ ಎಂದು ತರ್ಕಿಸುತ್ತಾ ಕೂರದೆ ಹೊರಬನ್ನಿ. ಬರೀ ಫ್ಯೂಚರ್ಸ್ ಇದ್ದರೆ ಫಲಿತಾಂಶದ ದಿನಕ್ಕೂ ಇದೇ ನಿಯಮ.

ಲಾಭದ ಕಡೆ, ನಿಮ್ಮ ಅಪಾಯದ ಒಂದೂವರೆ ಪಟ್ಟು ಸಿಕ್ಕಾಗ, ಇಲ್ಲಿ ಫ್ಯೂಚರ್ಸ್ ₹453ರ ಹತ್ತಿರ ಬಂದಾಗ, ಎರಡು ಲಾಟ್ ಇದ್ದವರು ಒಂದನ್ನು ಮುಚ್ಚಿ. ಉಳಿದದ್ದಕ್ಕೆ ಸ್ಟಾಪ್ ಅನ್ನು ಹಿಂದಿನ ಮೂರು ದಿನಗಳ ಗರಿಷ್ಠ ಬೆಲೆಗೆ ಇಳಿಸುತ್ತಾ ಬನ್ನಿ. ಒಂದೇ ದಿನ ಏಳೆಂಟು ಪರ್ಸೆಂಟ್ ಕುಸಿದು ವಾಲ್ಯೂಮ್ ಉಕ್ಕಿದರೆ ಅದು ಶಾರ್ಟ್ ಹೆಚ್ಚಿಸುವ ದಿನವಲ್ಲ, ಮುಚ್ಚುವ ದಿನ. ತೀವ್ರವಾದ ಜಿಗಿತಗಳು ಇಂಥ ಕುಸಿತದ ಬೆನ್ನಿಗೇ ಬರುತ್ತವೆ.

ಕೊನೆಯದು ಎಕ್ಸ್‌ಪೈರಿ. 2019ರ ಅಕ್ಟೋಬರ್‌ನಿಂದ ಎಲ್ಲ ಷೇರು ಫ್ಯೂಚರ್ಸ್‌ಗೂ ಭೌತಿಕ ಸೆಟಲ್‌ಮೆಂಟ್. ಎಕ್ಸ್‌ಪೈರಿ ದಾಟಿದ ಶಾರ್ಟ್ ಎಂದರೆ ನೀವು 1,200 ಷೇರುಗಳನ್ನು ನಿಜವಾಗಿ ಕೊಡಬೇಕು, ಡಿಮ್ಯಾಟ್‌ನಲ್ಲಿ ಇಲ್ಲದಿದ್ದರೆ ಮತ್ತೆ ಅದೇ ಹರಾಜು. ಸ್ಪ್ರೆಡ್ ಇದ್ದವರಿಗೂ ಇದು ತಟ್ಟುತ್ತದೆ: ಷೇರು ₹480ರಲ್ಲಿ ನಿಂತರೆ ಮಾರಿದ 460 ಪುಟ್ ಸಾಯುತ್ತದೆ, ಕೊಂಡ 500 ಪುಟ್ ಮಾತ್ರ ಉಳಿದು ಷೇರು ಕೊಡುವ ಹೊಣೆ ನಿಮ್ಮ ತಲೆಗೆ ಬರುತ್ತದೆ. 2025ರ ಸೆಪ್ಟೆಂಬರ್‌ನಿಂದ ಎನ್‌ಎಸ್‌ಇಯಲ್ಲಿ ಎಕ್ಸ್‌ಪೈರಿ ತಿಂಗಳ ಕೊನೆಯ ಮಂಗಳವಾರ. ಆ ವಾರ ಬ್ರೋಕರ್‌ಗಳು ಮಾರ್ಜಿನ್ ಏರಿಸುತ್ತಾರೆ, ಆದ್ದರಿಂದ ಹಿಂದಿನ ಶುಕ್ರವಾರದೊಳಗೆ ಮುಚ್ಚಿ ಅಥವಾ ರೋಲ್ ಮಾಡಿ. ರೋಲ್ ಮಾಡುವ ಮುನ್ನ ಮುಂದಿನ ತಿಂಗಳ ಡಿಸ್ಕೌಂಟ್ ಅನ್ನು ಹೊಸದಾಗಿ ಲೆಕ್ಕ ಹಾಕಿ. ಮೊದಲ ತಿಂಗಳು ಶೇ. 0.6 ಇದ್ದದ್ದು ಮುಂದಿನ ತಿಂಗಳಿಗೆ ಶೇ. 1.2 ಆಗಿದ್ದರೆ ಅದು ಅದೇ ಶಾರ್ಟ್‌ನ ಮುಂದುವರಿಕೆಯಲ್ಲ. ಇವತ್ತು ಹೊಸದಾಗಿ ನೋಡುತ್ತಿದ್ದರೆ ಆ ಷೇರಿಗೆ ನೀವು ಆರಿಸುತ್ತಿದ್ದದ್ದು ಸ್ಪ್ರೆಡ್, ಇಲ್ಲವೇ ಏನೂ ಬೇಡ ಎಂದು ಬಿಡುತ್ತಿದ್ದಿರಿ.